ತಂಬೂರಿ ಕರಗುವ ಹೊತ್ತು: 24 ಬಿಟ್‌ನಿಂದ 16 ಬಿಟ್‌ಗೆ ಇಳಿಯುವಾಗ ಏನಾಗುತ್ತದೆ?

(ಸೌಂಡ್ ಎಂಜಿನಿಯರುಗಳು ಮತ್ತು ಮನೆಯಲ್ಲೇ ರೆಕಾರ್ಡಿಂಗ್ ಮಾಡಿಕೊಳ್ಳುವ ಸಂಗೀತಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೇಳಿಸಿದ ಮಾದರಿಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಒಂದು ಹಾಡಿನ ಕೊನೆಯ 12 ಸೆಕೆಂಡುಗಳ ಬಗ್ಗೆ ಮಾತ್ರ ಮಾತಾಡುತ್ತೇನೆ. ಆಲಾಪನೆ ಮುಗಿದಿದೆ, ಗಾಯಕರು ನಿಲ್ಲಿಸಿದ್ದಾರೆ, ತಂಬೂರಿ ಮಾತ್ರ ಮೀಟುತ್ತಿದೆ. ಎಂಜಿನಿಯರ್ ಅದನ್ನು ನಿಧಾನವಾಗಿ ಫೇಡ್ ಮಾಡಿ ಮುಗಿಸುತ್ತಾರೆ. ಸ್ಟುಡಿಯೋದ ಮಾಸ್ಟರ್ 96 ಕಿಲೋಹರ್ಟ್ಸ್, 24 ಬಿಟ್. ಸಿ.ಡಿ.ಗೆ ಬೇಕಾದದ್ದು 44.1 ಕಿಲೋಹರ್ಟ್ಸ್, 16 ಬಿಟ್. ಈ ಇಳಿಕೆಯಲ್ಲಿ ಆಗುವ ತಪ್ಪುಗಳು ಹಾಡಿನ ಮಧ್ಯದಲ್ಲಿ ಅಡಗಿಕೊಳ್ಳುತ್ತವೆ. ಈ 12 ಸೆಕೆಂಡಿನಲ್ಲಿ ಮಾತ್ರ ಅವಕ್ಕೆ ಅಡಗಲು ಜಾಗ ಸಿಗುವುದಿಲ್ಲ. ಬಿಟ್ ಇಳಿಸುವಾಗಿನ ತಪ್ಪಿಗೆ ಮದ್ದು ಡಿದರ್, ಅಂದರೆ ಇಳಿಸುವ ಮೊದಲು ನಾವೇ ಬೇಕೆಂದು ಕೂಡಿಸುವ ಸಣ್ಣ ಹಿಸ್.

ತಂಬೂರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅದರ ಕುದುರೆಯ ಮೇಲೆ ಇಡುವ ದಾರದಿಂದ ತಂತಿ ಕುದುರೆಯನ್ನು ಸವರುತ್ತಾ ಕಂಪಿಸುತ್ತದೆ. ಅದರಿಂದ ಮೇಲಿನ ಹಾರ್ಮೋನಿಕ್‌ಗಳು ಧಾರಾಳವಾಗಿ ಹುಟ್ಟುತ್ತವೆ. ಅವು ಒಂದೊಂದಾಗಿ ಮೇಲೆದ್ದು ಕರಗುವುದನ್ನೇ ನಾವು ಝೇಂಕಾರ ಅನ್ನುವುದು. ಆ ಝೇಂಕಾರದ ನಡುವೆ ಅದಕ್ಕೆ ಸೇರದ ಒಂದು ಗರಗರ ಬಂದರೆ ಶ್ರುತಿಗೆ ಪಳಗಿದ ಕಿವಿ ತಕ್ಷಣ ಹಿಡಿಯುತ್ತದೆ.

ಮೆಟ್ಟಿಲುಗಳ ಲೆಕ್ಕ

16 ಬಿಟ್ ಅಂದರೆ 65,536 ಮಟ್ಟಗಳು. ಶೂನ್ಯದಿಂದ ಮೇಲಕ್ಕೆ 32,768 ಮೆಟ್ಟಿಲು, ಕೆಳಕ್ಕೂ ಅಷ್ಟೇ ಅಂದುಕೊಳ್ಳಿ. 24 ಬಿಟ್‌ನಲ್ಲಿ ಈ ಪ್ರತಿ ಮೆಟ್ಟಿಲೂ ಇನ್ನೂ 256 ಸಣ್ಣ ಮೆಟ್ಟಿಲುಗಳಾಗಿ ಒಡೆದಿರುತ್ತದೆ. 16 ಬಿಟ್‌ಗೆ ಇಳಿಸುವುದು ಅಂದರೆ ಆ ಸಣ್ಣ ಮೆಟ್ಟಿಲುಗಳನ್ನು ಕಳೆದುಕೊಳ್ಳುವುದು.

ಈಗ ನಮ್ಮ ಫೇಡ್ ತೆಗೆದುಕೊಳ್ಳೋಣ. ಫೈಲು ಹಿಡಿಯಬಲ್ಲ ಅತಿ ಜೋರು ಮಟ್ಟವೇ ಸೊನ್ನೆ ಡೆಸಿಬೆಲ್; ತಂಬೂರಿಯ ಪೀಕ್ ಅದಕ್ಕಿಂತ ಕೆಳಗೆ ಮೈನಸ್ 40 ಡೆಸಿಬೆಲ್‌ನಲ್ಲಿದೆ ಅಂದುಕೊಳ್ಳಿ. ಫೇಡ್ ಸೆಕೆಂಡಿಗೆ 5 ಡೆಸಿಬೆಲ್‌ನಂತೆ ಇಳಿಯುತ್ತಿದೆ. ಶುರುವಿನಲ್ಲಿ ಅಲೆಗೆ ಮೇಲೆ ಸುಮಾರು 330 ಮೆಟ್ಟಿಲು, ಕೆಳಗೆ ಸುಮಾರು 330 ಮೆಟ್ಟಿಲು ಸಿಗುತ್ತದೆ. ಆರನೇ ಸೆಕೆಂಡಿಗೆ ಮೈನಸ್ 70, ಅಂದರೆ ಹತ್ತೇ ಮೆಟ್ಟಿಲು. ಹತ್ತನೇ ಸೆಕೆಂಡಿಗೆ ಮೈನಸ್ 90, ಒಂದೇ ಮೆಟ್ಟಿಲು. ಹನ್ನೊಂದು ಸೆಕೆಂಡು ದಾಟಿ ಸ್ವಲ್ಪ ಹೊತ್ತಿಗೆ ಮೈನಸ್ 96, ಅರ್ಧ ಮೆಟ್ಟಿಲು.

ಹತ್ತಿರದ ಮೆಟ್ಟಿಲಿಗೆ ಸುಮ್ನೆ ರೌಂಡ್ ಮಾಡಿದರೆ ಏನಾಗುತ್ತದೆ? ಹತ್ತನೇ ಸೆಕೆಂಡಿನ ಹೊತ್ತಿಗೆ ಅಲೆಗೆ ಉಳಿಯುವುದು ಮೂರೇ ಬೆಲೆಗಳು: ಮೈನಸ್ ಒಂದು, ಸೊನ್ನೆ, ಒಂದು. ನುಣುಪಾಗಿದ್ದ ಅಲೆ ಚೌಕ ಚೌಕವಾಗುತ್ತದೆ. ಅರ್ಧ ಮೆಟ್ಟಿಲಿಗಿಂತ ಕೆಳಗಿಳಿದ ಕ್ಷಣ ಎಲ್ಲವೂ ಸೊನ್ನೆ. ಕಿವಿಗೆ ಕೇಳುವುದು ಹೀಗೆ: ತಂಬೂರಿ ಕರಗುತ್ತಾ ಕರಗುತ್ತಾ ಒರಟಾಗುತ್ತದೆ, ಕಚಕಚ ಅನ್ನುತ್ತದೆ, ಆಮೇಲೆ ಯಾರೋ ಕತ್ತರಿಸಿದ ಹಾಗೆ ನಿಂತುಹೋಗುತ್ತದೆ.

ರೌಂಡ್ ಕೂಡ ಮಾಡದೆ ಕೊನೆಯ 8 ಬಿಟ್ ಕತ್ತರಿಸಿ ಹಾಕಿದರೆ ಇನ್ನೂ ವಿಚಿತ್ರ. ಆಗ ಸೊನ್ನೆಗಿಂತ ಒಂಚೂರು ಮೇಲಿದ್ದದ್ದೆಲ್ಲ ಸೊನ್ನೆಯಾಗುತ್ತದೆ, ಒಂಚೂರು ಕೆಳಗಿದ್ದದ್ದೆಲ್ಲ ಮೈನಸ್ ಒಂದಾಗುತ್ತದೆ. ಅಲೆ ಎಷ್ಟೇ ಚಿಕ್ಕದಾದರೂ ಈ ಎರಡರ ನಡುವೆ ಜಿಗಿಯುತ್ತಲೇ ಇರುತ್ತದೆ. ಅಂದರೆ ಫೇಡ್ ಮುಂದುವರಿದರೂ ಸದ್ದು ಕಡಿಮೆಯಾಗುವುದೇ ಇಲ್ಲ. ಒಂದೇ ಮಟ್ಟದಲ್ಲಿ ಗುಂಯ್ ಅನ್ನುತ್ತಾ ನಿಂತಿರುತ್ತದೆ, ಫೇಡ್ ಪೂರ್ತಿ ಸೊನ್ನೆಗೆ ಬಂದಾಗ ಥಟ್ಟನೆ ಹೋಗುತ್ತದೆ.

ಈ ಒರಟುತನ ಯಾಕೆ ಇಷ್ಟು ಕಿವಿಗೆ ಚುಚ್ಚುತ್ತದೆ? ಚೌಕವಾದ ಅಲೆಯಲ್ಲಿ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅವು ಶ್ರುತಿಗೆ ಹೊಂದುವಂಥವೇ ಆಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ. ಆದರೆ ಇದೆಲ್ಲ ಆಗುತ್ತಿರುವುದು ಸ್ಯಾಂಪಲ್ ಆದ ಮೇಲೆ. 44.1ರ ಅರ್ಧವಾದ 22.05 ಕಿಲೋಹರ್ಟ್ಸ್ ಮೀರಿದ ಹಾರ್ಮೋನಿಕ್‌ಗಳಿಗೆ ಹೋಗಲು ದಾರಿಯಿಲ್ಲ. ಅವು ಮಡಚಿಕೊಂಡು ಕೆಳಗೆ ಬಂದು ಬೀಳುತ್ತವೆ. ಹಾಗೆ ಬಿದ್ದ ಸ್ವರಗಳಿಗೂ ತಂಬೂರಿಯ ಷಡ್ಜಕ್ಕೂ ಸಂಬಂಧವೇ ಇರುವುದಿಲ್ಲ.

ಕೋಣೆಯ ಸದ್ದು ಕಾಪಾಡುತ್ತದಲ್ಲ?

ಅನುಭವ ಇರುವವರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ, ಸಭೆಯಲ್ಲೂ ಒಬ್ಬರು ಕೇಳಿದರು. "ನಮ್ಮ ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದು, ಮೈಕ್ ಪ್ರೀಆಂಪ್‌ನ ಹಿಸ್ ಎಲ್ಲ ಇದ್ದೇ ಇರುತ್ತೆ. ಅದೇ ಡಿದರ್ ಕೆಲಸ ಮಾಡಲ್ವಾ ಸರ್?"

ಮಾಡುತ್ತದೆ. ಸಭಾಂಗಣದಲ್ಲಿ ಮುದ್ರಿಸಿದ ಕಛೇರಿಯಲ್ಲಿ ಹಿನ್ನೆಲೆ ಸದ್ದು ಮೈನಸ್ 66 ಡೆಸಿಬೆಲ್‌ನಲ್ಲಿದ್ದರೆ ಅದು ಸುಮಾರು 16 ಮೆಟ್ಟಿಲುಗಳಷ್ಟು ಅಲುಗಾಡುತ್ತಿರುತ್ತದೆ. ಅಷ್ಟು ಅಲುಗಾಟದ ಮೇಲೆ ರೌಂಡಿಂಗ್ ತಪ್ಪು ಹಾಡಿನ ಜೊತೆ ಕಚ್ಚಿಕೊಳ್ಳುವುದಿಲ್ಲ, ಬರೀ ಹಿಸ್ ಆಗಿ ಕರಗಿಹೋಗುತ್ತದೆ. ಅದಕ್ಕೇ ಎಷ್ಟೋ ಜನ ಹಾಡಿನ ಮಧ್ಯದ ಭಾಗ ಕೇಳಿ "ಡಿದರ್ ಹಾಕಿದರೂ ಹಾಕದಿದ್ದರೂ ಒಂದೇ" ಅನ್ನುತ್ತಾರೆ. ಆ ಭಾಗದ ಮಟ್ಟಿಗೆ ಅವರ ಮಾತು ಸರಿ.

ಆದರೆ ಫೇಡ್ ತಂಬೂರಿಯನ್ನು ಮಾತ್ರ ಇಳಿಸುವುದಿಲ್ಲ. ಕೋಣೆಯ ಸದ್ದನ್ನೂ ಜೊತೆಗೇ ಇಳಿಸುತ್ತದೆ. ಆರನೇ ಸೆಕೆಂಡಿಗೆ ನಮ್ಮ ಹಿನ್ನೆಲೆ ಸದ್ದು ಮೈನಸ್ 96ಕ್ಕೆ ಬಂದಿದೆ, ಅರ್ಧ ಮೆಟ್ಟಿಲು. ಎಂಟನೇ ಸೆಕೆಂಡಿಗೆ ಮೈನಸ್ 106. ತಂಬೂರಿ ಆಗ ಇನ್ನೂ ಮೈನಸ್ 80ರಲ್ಲಿ ಜೀವಂತವಾಗಿದೆ, ಆದರೆ ಅದನ್ನು ಕಾಯುತ್ತಿದ್ದ ಅಲುಗಾಟ ಹೊರಟುಹೋಗಿದೆ. ಫೇಡ್ ಅನ್ನುವುದು ರೆಕಾರ್ಡಿಂಗ್‌ನ ಸಹಜ ಡಿದರ್ ಅನ್ನೇ ತೆಗೆದುಹಾಕುವ ಕ್ರಿಯೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ. ರಿವರ್ಬ್‌ನ ಬಾಲಕ್ಕೂ ಇದೇ ಮಾತು, ಯಾಕೆಂದರೆ ಸಾಫ್ಟ್‌ವೇರ್ ರಿವರ್ಬ್‌ಗೆ ತನ್ನದೇ ಆದ ಕೋಣೆಯ ಸದ್ದು ಇರುವುದಿಲ್ಲ.

ಡಿದರ್ ಮಾಡುವುದೇನು

ಸರಿ, ಅಲುಗಾಟ ಹೋಗಿದ್ದರೆ ನಾವೇ ಹಾಕಬೇಕು. ಒಂದು ಸ್ಯಾಂಪಲ್‌ನ ನಿಜವಾದ ಬೆಲೆ 0.3 ಮೆಟ್ಟಿಲು ಅಂದುಕೊಳ್ಳಿ. ಬರೀ ರೌಂಡ್ ಮಾಡಿದರೆ ಅದು ಯಾವಾಗಲೂ ಸೊನ್ನೆ. ಈಗ ರೌಂಡ್ ಮಾಡುವ ಮೊದಲು ಒಂದು ಯಾದೃಚ್ಛಿಕ ಸಂಖ್ಯೆ ಕೂಡಿಸೋಣ. ಆಗ ಕೆಲವು ಸಲ ಒಂದು ಬರುತ್ತದೆ, ಕೆಲವು ಸಲ ಸೊನ್ನೆ, ಅಪರೂಪಕ್ಕೆ ಮೈನಸ್ ಒಂದು. ಸರಾಸರಿ ತೆಗೆದರೆ ಸರಿಯಾಗಿ 0.3. ಕಳೆದುಹೋಗಬೇಕಿದ್ದ ಬೆಲೆ ಹಿಸ್‌ನ ಒಳಗೆ ಉಳಿದುಕೊಂಡಿತು. ನಮ್ಮ ಕಿವಿಗೆ ಹಿಸ್‌ನ ಕೆಳಗಿರುವ ಸ್ವರವನ್ನು ಹೆಕ್ಕುವ ಶಕ್ತಿ ಚೆನ್ನಾಗಿಯೇ ಇದೆ. ಹಾಗಾಗಿ ಅರ್ಧ ಮೆಟ್ಟಿಲಿಗಿಂತ ಚಿಕ್ಕದಾದ ತಂಬೂರಿಯೂ ಕೇಳುತ್ತದೆ. ಇದು ಬರೀ ಮುಚ್ಚಿಹಾಕುವ ಉಪಾಯ ಅಂತ ಕೆಲವರು ಅಂದುಕೊಂಡಿದ್ದಾರೆ. ಅಲ್ಲ, ತಪ್ಪು ಹುಟ್ಟುವುದನ್ನೇ ಇದು ತಡೆಯುತ್ತದೆ. ಒಮ್ಮೆ ಕತ್ತರಿಸಿದ ಫೈಲಿಗೆ ಆಮೇಲೆ ಎಷ್ಟು ಹಿಸ್ ಸುರಿದರೂ ಗರಗರ ಹೋಗುವುದಿಲ್ಲ.

ಈ ಯೋಚನೆ ಮೊದಲು ಚಿತ್ರಗಳಲ್ಲೂ ಬಂದಿತ್ತು. ಅಮೆರಿಕದ ಎಂಐಟಿಯಲ್ಲಿ ಲಾರೆನ್ಸ್ ರಾಬರ್ಟ್ಸ್ 1960ರ ದಶಕದ ಶುರುವಿನಲ್ಲೇ ಚಿತ್ರದ ಬಿಟ್‌ಗಳನ್ನು ಕಡಿಮೆ ಮಾಡಲು ಹೀಗೆ ನಾಯ್ಸ್ ಕೂಡಿಸಿದ್ದರು. ಆಡಿಯೋದಲ್ಲಿ ಇದರ ಗಣಿತವನ್ನು ಗಟ್ಟಿಮಾಡಿದವರು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜಾನ್ ವ್ಯಾಂಡರ್‌ಕೂಯ್ ಮತ್ತು ಸ್ಟ್ಯಾನ್ಲಿ ಲಿಪ್‌ಶಿಟ್ಜ್. 1984ರಲ್ಲಿ ಅವರು ಕೊನೆಯ ಬಿಟ್‌ಗಿಂತ ಕೆಳಗೂ ಸಂಗೀತ ಉಳಿಯುತ್ತದೆ ಎಂದು ತೋರಿಸಿದರು.

ಎಂಥ ಯಾದೃಚ್ಛಿಕ ಸಂಖ್ಯೆ ಅನ್ನುವುದು ಮುಖ್ಯ. ಅರ್ಧ ಮೆಟ್ಟಿಲು ಮೇಲೆ, ಅರ್ಧ ಮೆಟ್ಟಿಲು ಕೆಳಗೆ, ಎಲ್ಲ ಬೆಲೆಗೂ ಸಮಾನ ಅವಕಾಶ ಇರುವ ಒಂದು ಸಂಖ್ಯೆ ಕೂಡಿಸಿದರೆ ಗರಗರ ಹೋಗುತ್ತದೆ. ಆದರೆ ಇನ್ನೊಂದು ತೊಂದರೆ ಉಳಿಯುತ್ತದೆ. ಬೆಲೆ ಸರಿಯಾಗಿ ಸೊನ್ನೆಯಲ್ಲಿದ್ದಾಗ ಇಂಥ ಡಿದರ್ ಎಂದೂ ಮೆಟ್ಟಿಲು ದಾಟುವುದಿಲ್ಲ, ಹಿಸ್ ಇರುವುದಿಲ್ಲ. ಎರಡು ಮೆಟ್ಟಿಲಿನ ನಡುವೆ ಇದ್ದಾಗ ಹಿಸ್ ಜಾಸ್ತಿ. ಹಾಗಾಗಿ ಸಂಗೀತದ ಜೊತೆ ಹಿಸ್ ಉಸಿರಾಡುತ್ತದೆ. ಇದನ್ನು ನಾಯ್ಸ್ ಮಾಡ್ಯುಲೇಶನ್ ಅನ್ನುತ್ತಾರೆ. ಅಂಥ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಆರಿಸಿ ಕೂಡಿಸಿದರೆ ಇದೂ ಹೋಗುತ್ತದೆ. ಹಿಸ್ ಒಂದೇ ಸಮನಾಗಿ ನಿಲ್ಲುತ್ತದೆ. ಎರಡರ ಮೊತ್ತದ ನಕ್ಷೆ ತ್ರಿಕೋನದಂತಿರುವುದರಿಂದ ಇದರ ಹೆಸರು ತ್ರಿಕೋನ ಡಿದರ್. ಪರದೆಯ ಮೇಲೆ TPDF ಎಂದಿರುತ್ತದೆ. ಇದಕ್ಕೆ ನಾವು ತೆರುವ ಬೆಲೆ ಏನು? ಡಿದರ್ ಇಲ್ಲದ ಲೆಕ್ಕಕ್ಕೆ ಹೋಲಿಸಿದರೆ ಹಿಸ್ ಸುಮಾರು 4.8 ಡೆಸಿಬೆಲ್ ಜಾಸ್ತಿ. ಅತಿ ಜೋರು ಮಟ್ಟಕ್ಕೂ ಹಿಸ್‌ಗೂ ನಡುವೆ 98 ಡೆಸಿಬೆಲ್ ಇದ್ದ ಅಂತರ ಸುಮಾರು 93ಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಅದು ತೀರಾ ಅಗ್ಗದ ಬೆಲೆ.

ನಾಯ್ಸ್ ಶೇಪಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಿವಿ ತೀರಾ ಚುರುಕಾಗಿರುವ 3-4 ಕಿಲೋಹರ್ಟ್ಸ್ ಸುತ್ತ ಹಿಸ್ ಇಳಿಸಿ, 15 ಕಿಲೋಹರ್ಟ್ಸ್ ಮೇಲಕ್ಕೆ ಅದನ್ನು ತಳ್ಳುವುದೇ ಇದರ ಕೆಲಸ. ಒಟ್ಟು ನಾಯ್ಸ್ ಕಡಿಮೆಯಾಗುವುದಿಲ್ಲ, ನಿಜಕ್ಕೂ ಹೆಚ್ಚುತ್ತದೆ. ಕೇಳುವುದು ಮಾತ್ರ ಕಡಿಮೆಯಾಗುತ್ತದೆ. ತೀರಾ ಮೆಲುವಾದ ವೀಣೆಯ ಸಿ.ಡಿ.ಗೆ ಇದು ಒಳ್ಳೆಯದೇ. ಆದರೆ ಆ ಫೈಲನ್ನು ಯಾರಾದರೂ ಮತ್ತೆ ಎಡಿಟ್ ಮಾಡುವ, ಎಂಪಿ3 ಮಾಡುವ ಸಾಧ್ಯತೆ ಇದ್ದರೆ ಬೇಡ. ಆಗ ಸಾದಾ ತ್ರಿಕೋನ ಡಿದರ್ ಸಾಕು.

96ರಿಂದ 44.1ಕ್ಕೆ

ಈಗ ಸ್ಯಾಂಪಲ್ ರೇಟ್. 96,000 ಮತ್ತು 44,100ರ ಅನುಪಾತ 320ಕ್ಕೆ 147. ಅಂದರೆ ತತ್ವದಲ್ಲಿ 147 ಪಟ್ಟು ಏರಿಸಿ, ಫಿಲ್ಟರ್ ಮಾಡಿ, 320ರಲ್ಲಿ ಒಂದನ್ನು ಉಳಿಸಿಕೊಳ್ಳಬೇಕು. ಕಂಪ್ಯೂಟರ್ ಇದನ್ನು ಜಾಣತನದಿಂದ ಮಾಡುತ್ತದೆ, ಬೇಕಿಲ್ಲದ ಲೆಕ್ಕ ಬಿಟ್ಟುಬಿಡುತ್ತದೆ. 88.2 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಸರಿಯಾಗಿ ಅರ್ಧ, ಅದೇ ಒಳ್ಳೆಯದು ಎಂದು ಹಿಂದೆ ಹೇಳುತ್ತಿದ್ದರು. ಇವತ್ತಿನ ಒಳ್ಳೆಯ ರೀಸ್ಯಾಂಪ್ಲರ್‌ಗೆ ಅದೊಂದು ವಿಷಯವೇ ಅಲ್ಲ. ಫಿಲ್ಟರ್ ಹೇಗಿದೆ ಅನ್ನುವುದೇ ವಿಷಯ.

44.1ರಲ್ಲಿ 22.05 ಕಿಲೋಹರ್ಟ್ಸ್‌ವರೆಗೆ ಮಾತ್ರ ಜಾಗ. ಮಾಸ್ಟರ್‌ನಲ್ಲಿ ಅದರ ಮೇಲಿರುವುದನ್ನು ಮೊದಲೇ ತೆಗೆಯದಿದ್ದರೆ ಅದು ಕೆಳಕ್ಕೆ ಮಡಚಿಕೊಳ್ಳುತ್ತದೆ. ಒಂದು ಉದಾಹರಣೆ. ಕೋಣೆಯಲ್ಲಿ ಯಾವುದೋ ಅಗ್ಗದ ಎಲ್ಇಡಿ ದೀಪದ ಪವರ್ ಸಪ್ಲೈ 31 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತಿದೆ, ಅದು ಮೈಕ್ ಕೇಬಲ್‌ಗೆ ಹತ್ತಿಕೊಂಡಿದೆ ಅಂದುಕೊಳ್ಳಿ. 96ರ ಮಾಸ್ಟರ್ ಕೇಳಿದರೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ 31 ಕಿಲೋಹರ್ಟ್ಸ್ ಯಾರಿಗೂ ಕೇಳುವುದಿಲ್ಲ. ಫಿಲ್ಟರ್ ಸೋರಿದರೆ ಅದು 44.1ರಿಂದ 31 ಕಳೆದು 13.1 ಕಿಲೋಹರ್ಟ್ಸ್‌ನ ಸಣ್ಣ ಶಿಳ್ಳೆಯಾಗಿ ಬರುತ್ತದೆ. ತಂಬೂರಿ ಕರಗಿದ ಹಾಗೆ ಆ ಶಿಳ್ಳೆ ಮೇಲೆ ತೇಲುತ್ತದೆ. ಮಾಸ್ಟರ್‌ನಲ್ಲಿ ಇಲ್ಲದ ಶಿಳ್ಳೆ ಕೊನೆಯ ಫೈಲಿನಲ್ಲಿ ಇದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಪರೀಕ್ಷೆ ಸುಲಭ. 96ರಲ್ಲಿ ಕೆಳಗಿನಿಂದ 47 ಕಿಲೋಹರ್ಟ್ಸ್‌ವರೆಗೆ ಏರುವ ಒಂದು ಶುದ್ಧ ಸ್ವರ ಮಾಡಿ, ಅದನ್ನು 44.1ಕ್ಕೆ ಇಳಿಸಿ, ಸ್ಪೆಕ್ಟ್ರೋಗ್ರಾಮ್ ನೋಡಿ. ಗೆರೆ 22ರ ಹತ್ತಿರ ಹೋಗಿ ಅಳಿಸಿಹೋಗಬೇಕು. ಗೋಡೆಗೆ ಬಡಿದು ಕೆಳಗಿಳಿಯುವ ಇನ್ನೊಂದು ಗೆರೆ ಕಂಡರೆ ಫಿಲ್ಟರ್ ಸೋರುತ್ತಿದೆ. ಎಷ್ಟೋ ಎಡಿಟರ್‌ಗಳಲ್ಲಿ ಬೇಗ ಮುಗಿಸುವ ಮತ್ತು ಒಳ್ಳೆಯ ಗುಣಮಟ್ಟದ ಎರಡು ಆಯ್ಕೆ ಇರುತ್ತವೆ. ಒಮ್ಮೆ ಈ ಚಿತ್ರ ನೋಡಿದರೆ ಯಾವುದನ್ನು ಆರಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ತುಂಬಾ ಕಡಿದಾದ ಫಿಲ್ಟರ್ ಹಾಕಿದರೆ ಘಟ, ಖಂಜಿರದಂಥ ಪೆಟ್ಟಿನ ಮುಂಚೆಯೇ ಸಣ್ಣ ಅಲುಗಾಟ ಕಾಣುತ್ತದೆ ಎಂಬ ಆತಂಕ ಕೆಲವರಿಗೆ ಇದೆ. ಪರದೆಯ ಮೇಲೆ ಅದು ಕಾಣುವುದು ನಿಜ. ಆದರೆ ಆ ಅಲುಗಾಟ ಇರುವುದು 21-22 ಕಿಲೋಹರ್ಟ್ಸ್ ಸುತ್ತ. ನನ್ನ ಅಭಿಪ್ರಾಯದಲ್ಲಿ ಸೋರುವ ಫಿಲ್ಟರ್‌ಗೆ ಹೆದರಬೇಕು, ಇದಕ್ಕಲ್ಲ.

ಇನ್ನೊಂದು ವಿಷಯ ಪೀಕ್. ರೀಸ್ಯಾಂಪ್ಲಿಂಗ್ ಮಾಡಿದಾಗ ಹೊಸ ಸ್ಯಾಂಪಲ್‌ಗಳು ಹಳೆಯವುಗಳ ನಡುವೆ ಎಲ್ಲೋ ಬೀಳುತ್ತವೆ. ಅಲೆಯ ನಿಜವಾದ ತುದಿ ಅಲ್ಲೇ ಇರಬಹುದು. ಮಾಸ್ಟರ್ ಅನ್ನು ಮೈನಸ್ 0.1ಕ್ಕೆ ಲಿಮಿಟ್ ಮಾಡಿ ತಂದರೆ ಇಳಿಸಿದ ಫೈಲಿನಲ್ಲಿ ಅದು ಸೊನ್ನೆ ದಾಟಿ ಕ್ಲಿಪ್ ಆಗಬಹುದು. ಮೃದಂಗದ ಜೋರು ಪೆಟ್ಟುಗಳಲ್ಲಿ ಚಟ್ ಅನ್ನುವ ಸದ್ದು ಬಂದರೆ ಇಲ್ಲಿ ನೋಡಿ. ಮೊದಲೇ ಒಂದೂವರೆ ಡೆಸಿಬೆಲ್ ಇಳಿಸಿಕೊಂಡರೆ ಸಾಮಾನ್ಯವಾಗಿ ಸಾಕು. ಇಲ್ಲದಿದ್ದರೆ ಲಿಮಿಟರ್ ಅನ್ನು ರೀಸ್ಯಾಂಪ್ಲಿಂಗ್ ಆದ ಮೇಲೆ ಇಡಿ.

ಕೊನೆಯದು ಡಿದರ್, ಅದರ ಮೇಲೆ ಏನೂ ಇಲ್ಲ

ಹಾಗಾದರೆ ಕ್ರಮ ಹೀಗೆ ನಿಲ್ಲುತ್ತದೆ. ಫೇಡ್ ಮಾಸ್ಟರ್‌ನಲ್ಲೇ ಆಗಿರಬೇಕು. ಆಮೇಲೆ ರೀಸ್ಯಾಂಪ್ಲಿಂಗ್. ಬೇಕಿದ್ದರೆ ಲಿಮಿಟರ್. ಕಟ್ಟಕಡೆಗೆ ಒಂದೇ ಒಂದು ಸಲ ಡಿದರ್ ಮತ್ತು 16 ಬಿಟ್. ರೀಸ್ಯಾಂಪ್ಲಿಂಗ್, ಫೇಡ್, ವಾಲ್ಯೂಮ್ ಬದಲಾವಣೆ ಎಲ್ಲವೂ ಗುಣಾಕಾರಗಳು. ಗುಣಾಕಾರದಿಂದ ಸಂಖ್ಯೆ ಮತ್ತೆ ಉದ್ದವಾಗುತ್ತದೆ, ಮತ್ತೆ ಕತ್ತರಿಸಬೇಕಾಗುತ್ತದೆ. ಅದಕ್ಕೇ ಡಿದರ್ ಆದ ಮೇಲೆ ಯಾವ ಗುಣಾಕಾರವೂ ಬೇಡ.

ಜನ ಎಡವುವ ಜಾಗಗಳು ಎರಡು. ಒಂದು, 16 ಬಿಟ್ ಫೈಲ್ ಬಂದ ಮೇಲೆ "ಬಾಲ ಸ್ವಲ್ಪ ಉದ್ದ ಆಯ್ತು" ಅಂತ ಅದರ ಮೇಲೆಯೇ ಮತ್ತೊಂದು ಫೇಡ್ ಎಳೆಯುವುದು. ಆ ಫೇಡ್ ನಾವು ಹಾಕಿದ ಡಿದರ್ ಅನ್ನೂ ಇಳಿಸುತ್ತದೆ, ಗರಗರ ವಾಪಸ್ ಬರುತ್ತದೆ. ಎರಡು, ಮಾಸ್ಟರ್ ಚಾನೆಲ್‌ನಲ್ಲಿ ಡಿದರ್ ಪ್ಲಗಿನ್ ಇಟ್ಟು ಅದರ ನಂತರದ ಫೇಡರ್ ಅನ್ನು ಅಲುಗಿಸುವುದು. ಪ್ಲಗಿನ್ ಮುಗಿದ ಮೇಲೆ ಫೇಡರ್ ಬರುವ ಸಾಫ್ಟ್‌ವೇರ್‌ಗಳಲ್ಲಿ ಅದು ಸರಿಯಾಗಿ ಸೊನ್ನೆಯಲ್ಲೇ ಇರಬೇಕು. ಪ್ಲಗಿನ್ ಇಟ್ಟಿದ್ದರೆ ಎಕ್ಸ್‌ಪೋರ್ಟ್ ವಿಂಡೋದಲ್ಲಿ ಇನ್ನೊಮ್ಮೆ ಡಿದರ್ ಆರಿಸಬೇಡಿ.

ಎಲ್ಲರ ಹತ್ತಿರವೂ ಒಂದೇ ಸಾಫ್ಟ್‌ವೇರ್ ಇರುವುದಿಲ್ಲ. ಹಾಗಾಗಿ ಉಚಿತವಾಗಿ ಸಿಗುವ ಸಾಕ್ಸ್ ಬಳಸಿ ತೋರಿಸಿದೆ:

```
sox master.wav -b 24 temp.wav gain -1.5 rate -v 44100
sox temp.wav -b 16 final.wav dither
sox -D -m -v 1 temp.wav -v -1 final.wav -b 24 diff.wav gain 60
```

ಮೊದಲ ಸಾಲು 1.5 ಡೆಸಿಬೆಲ್ ಇಳಿಸಿ ಒಳ್ಳೆಯ ಗುಣಮಟ್ಟದಲ್ಲಿ 44.1ಕ್ಕೆ ತರುತ್ತದೆ. ಎರಡನೆಯದು ತ್ರಿಕೋನ ಡಿದರ್ ಹಾಕಿ 16 ಬಿಟ್ ಮಾಡುತ್ತದೆ. ಮೂರನೆಯದು ಪರೀಕ್ಷೆ: ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು 60 ಡೆಸಿಬೆಲ್ ಎತ್ತರಿಸುತ್ತದೆ. ಹೀಗೆ ಉಳಿದದ್ದೇ ನಾವು ಕೂಡಿಸಿದ ತಪ್ಪು. ಹೆಡ್‌ಫೋನ್ ಹಾಕಿ ಕೇಳಿ. ಹಾಡಿನ ಶುರುವಿನಿಂದ ಕೊನೆಯವರೆಗೆ ಒಂದೇ ಸಮನಾದ ಹಿಸ್ ಇರಬೇಕು, ಅದರೊಳಗೆ ಸಂಗೀತದ ಸುಳಿವೇ ಇರಬಾರದು.

ಎರಡನೇ ಸಾಲಿನಲ್ಲಿ `dither` ತೆಗೆದು, `sox` ಪಕ್ಕದಲ್ಲಿ `-D` ಹಾಕಿ ಮತ್ತೆ ಮಾಡಿ. ತೆಗೆದರಷ್ಟೇ ಸಾಲದು, ಯಾಕೆಂದರೆ ಸಾಕ್ಸ್ ಬಿಟ್ ಇಳಿಸುವಾಗ ತಾನಾಗಿಯೇ ಡಿದರ್ ಹಾಕುತ್ತದೆ. ಈ ಸಲ ಹಾಡಿನ ಮಧ್ಯದಲ್ಲಿ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ. ಫೇಡ್ ಶುರುವಾಗಿ ಐದಾರು ಸೆಕೆಂಡು ಆದ ಮೇಲೆ ಕಳೆದುಳಿದ ಸದ್ದಿನಲ್ಲಿ ತಂಬೂರಿಯ ಪಂಚಮ, ಷಡ್ಜಗಳೇ ಒಡಕು ದನಿಯಲ್ಲಿ ಕೇಳತೊಡಗುತ್ತವೆ. ಸಭೆಯಲ್ಲಿ ಈ ಜಾಗ ಬಂದಾಗ ಹಿಂದಿನ ಸಾಲಿನವರೂ ತಲೆ ಎತ್ತಿದರು.

ಕೇಳಿದ ಪ್ರಶ್ನೆಗಳಲ್ಲಿ ಎರಡು

"ಈಗ ಎಲ್ಲ ಸ್ಟ್ರೀಮಿಂಗ್. 16 ಬಿಟ್ ಯಾರಿಗೆ ಬೇಕು?" ಎಂದು ಒಬ್ಬ ಯುವ ಗಾಯಕಿ ಕೇಳಿದರು. ಸ್ಟ್ರೀಮಿಂಗ್‌ನವರು 24 ಬಿಟ್ ತೆಗೆದುಕೊಳ್ಳುವುದಾದರೆ 24 ಬಿಟ್ಟೇ ಕೊಡಿ, ಎಂಪಿ3 ಅಥವಾ ಎಎಸಿ ಮಾಡುವಾಗಲೂ 24ರಿಂದಲೇ ನೇರವಾಗಿ ಮಾಡಿ. 24ರಲ್ಲಿ ಡಿದರ್ ಹಾಕಿದರೂ ಬಿಟ್ಟರೂ ಅದು ಮೈನಸ್ 140ರ ಆಸುಪಾಸಿನ ಮಾತು, ಯಾವ ಆಂಪ್ಲಿಫೈಯರ್‌ನ ಸ್ವಂತ ಹಿಸ್ ಕೂಡ ಅದಕ್ಕಿಂತ ಜೋರು. ಆದರೆ ಸಿ.ಡಿ. ಮಾಡಿಸುವವರು ಇದ್ದಾರೆ, 16 ಬಿಟ್ ಮಾತ್ರ ಕೇಳುವ ಕಡೆಗಳೂ ಇವೆ. ಮೈನಸ್ 90ರ ಗರಗರ ಮನೆಯ ಸ್ಪೀಕರ್‌ನಲ್ಲಿ ಸಾಮಾನ್ಯ ವಾಲ್ಯೂಮ್‌ಗೆ ಕೇಳುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ರಾತ್ರಿ ಹೆಡ್‌ಫೋನ್ ಹಾಕಿ, ಮೆಲ್ಲನೆಯ ಆಲಾಪನೆಗೆ ವಾಲ್ಯೂಮ್ ಏರಿಸಿಕೊಂಡು ಕೇಳುವವರಿಗೆ ಕೇಳುತ್ತದೆ. ನಮ್ಮ ಸಂಗೀತವನ್ನು ಹಾಗೆ ಕೇಳುವವರು ಬಹಳ ಜನ.

ಇನ್ನೊಬ್ಬರ ಪ್ರಶ್ನೆ ಹಾಡುಗಳ ನಡುವಿನ ಮೌನದ ಬಗ್ಗೆ. ಕೆಲವು ಡಿದರ್‌ಗಳಲ್ಲಿ ಸಿಗ್ನಲ್ ಸೊನ್ನೆಯಾದ ತಕ್ಷಣ ಹಿಸ್ ಅನ್ನೂ ನಿಲ್ಲಿಸುವ ಒಂದು ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿ. ತಂಬೂರಿ ನುಣುಪಾಗಿ ಕರಗಿ ಹಿಸ್‌ನೊಳಗೆ ಸೇರಿದ ಮೇಲೆ ಆ ಹಿಸ್ ಥಟ್ಟನೆ ನಿಂತರೆ, ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ಅದೇ ಒಂದು ಕತ್ತರಿ ಏಟು. ಹಾಡಿನಿಂದ ಹಾಡಿಗೆ ಎರಡು ಮೂರು ಸೆಕೆಂಡಿನ ಅಂತರದಲ್ಲೂ ಡಿದರ್ ಓಡುತ್ತಲೇ ಇರಲಿ. ಇದಕ್ಕಾಗಿ ಇಡೀ ಆಲ್ಬಮ್ ಅನ್ನು ಒಂದೇ ಉದ್ದ ಫೈಲಾಗಿ ಇಳಿಸಿ, ಆಮೇಲೆ ಹಾಡುಗಳಾಗಿ ಕತ್ತರಿಸುವುದು ಅನುಕೂಲ. ಬರೀ ಕತ್ತರಿಸುವುದರಲ್ಲಿ ಗುಣಾಕಾರ ಇಲ್ಲ, ಹಾಗಾಗಿ ಆ ಕೆಲಸವನ್ನು 16 ಬಿಟ್ ಆದ ಮೇಲೂ ಮಾಡಬಹುದು. ಕತ್ತರಿಸುವ ಜಾಗದಲ್ಲಿ ಎಡಿಟರ್ ತಾನಾಗಿಯೇ ಸಣ್ಣ ಫೇಡ್ ಸೇರಿಸುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಸೇರಿಸುತ್ತಿದ್ದರೆ ಅದನ್ನೂ ಆಫ್ ಮಾಡಿ.